ಉತ್ತರ ಬೇಡದ ಶನಿವಾರಗಳು

ಏಳು ಹೊಳೆಗಳಾಚೆ, ಹಕ್ಕಿಗಳಿಗೂ ದಾರಿ ತಪ್ಪುತ್ತಿದ್ದ ಕಾಲದಲ್ಲಿ, ಒಬ್ಬಳು ತನ್ನ ಮಾತುಗಳನ್ನೆಲ್ಲ ಒಂದು ಗಡಿಗೆಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಅಟ್ಟದ ಮೇಲೆ ಇಟ್ಟುಬಿಟ್ಟಿದ್ದಳಂತೆ. ಊರಿನವರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತು ಕೂಗಿದರಂತೆ. ಯಾಕೆ ಮಾತಾಡುವುದಿಲ್ಲ, ನಾವೇನು ತಪ್ಪು ಮಾಡಿದೆವು, ನಮ್ಮನ್ನು ಮರೆತೆಯಾ ಎಂದು. ಒಬ್ಬರು ಕೂಗಿದಾಗಲೆಲ್ಲ ಗಡಿಗೆಯ ಗಂಟು ಒಂದು ಸುತ್ತು ಬಿಗಿಯಾಗುತ್ತಿತ್ತಂತೆ.

“ಹಾಗಾದರೆ ಕೊನೆಗೆ ಬಿಚ್ಚಿದ್ದು ಯಾರು ಅಜ್ಜಿ?” ಎಂದು ನಾನು ಕೇಳುವಷ್ಟರಲ್ಲಿ ಕಟಪಾಡಿಯ ಆ ಜಗಲಿಯಲ್ಲಿ ಅಜ್ಜಿಗೆ ನಿದ್ದೆ ಹತ್ತಿರುತ್ತಿತ್ತು. ಮರುದಿನ ಕೇಳಿದರೆ, “ನಾನು ಅಂಥ ಕಥೆ ಹೇಳಿದ್ದೇ ಇಲ್ಲ” ಎನ್ನುತ್ತಿದ್ದಳು. ಹತ್ತು ವರ್ಷದವಳಿದ್ದಾಗ ಅಪ್ಪ ನನ್ನನ್ನು ಮುಂಬೈಗೆ ಕರೆತಂದರು. ಸಾಂತಾಕ್ರೂಜ್ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಅವರು ಮ್ಯಾನೇಜರು. ಆ ಗಡಿಗೆ ಮಾತ್ರ ನನ್ನ ತಲೆಯೊಳಗೆ ಹಾಗೇ ಉಳಿದಿತ್ತು.

ನನ್ನ ಗೆಳತಿ ಸುಂದ್ರವ್ವ ಮಾತು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಪ್ಪತ್ತಮೂರರಲ್ಲಿ, ಗಣೇಶ ಚೌತಿಗೆ ಸ್ವಲ್ಪ ಮೊದಲು.

ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ನಾವಿಬ್ಬರೂ ಏಳನೆಯವರೆಗೆ ಒಂದೇ ಬೆಂಚು. ಅವಳ ಮನೆಯವರು ವಿಜಾಪುರ ಕಡೆಯವರು. ನನ್ನ ಮಾತು ಕೇಳಿ, “ಏನ ವಿನೂ, ಪುಸ್ತಕ ನುಂಗಿ ಬಂದಂಗ ಮಾತಾಡ್ತಿ” ಎಂದು ನಗುತ್ತಿದ್ದಳು. ಆಮೇಲೆ ನಾನು ದಾದರಿನ ಒಂದು ಬಟ್ಟೆ ಏಜೆಂಟರ ಆಫೀಸಿನಲ್ಲಿ ಟೈಪಿಸ್ಟಳಾದೆ. ಅವಳಿಗೆ ದಾನಪ್ಪನ ಜೊತೆ ಮದುವೆಯಾಗಿ ಧಾರಾವಿಯಲ್ಲಿ ಒಂದು ಖೋಲಿ, ಒಂದೇ ಕೋಣೆಯ ಮನೆ, ಆಯಿತು. ಅವನು ಚರ್ಮ ಹದ ಮಾಡುವ ಕಾರ್ಖಾನೆಗೆ ಹೋಗುತ್ತಿದ್ದ. ಶನಿವಾರ ನನಗೆ ಅರ್ಧ ದಿನ. ಮದುವೆಯ ಮುಂಚೆಯೂ ಆಮೇಲೂ ಪ್ರತಿ ಶನಿವಾರ ಎರಡು ಗಂಟೆಗೆ ದಾದರ್ ಸೇತುವೆಯ ಮೆಟ್ಟಿಲ ಕೆಳಗೆ ಭೇಟಿಯಾಗಿ, ಒಂದು ಬಟಾಟೆ ವಡೆಯನ್ನು ಇಬ್ಬರೂ ಹಂಚಿಕೊಳ್ಳುವುದು ನಮ್ಮ ರೂಢಿ. ಅವಳಿಗೆ ತಿಂಗಳು ತುಂಬುತ್ತ ಬಂದಾಗ, “ಇನ್ನ ಈ ಹೊಟ್ಟಿ ಹೊತ್ತು ಮೆಟ್ಟಲ ಇಳಿಯಾಕ ಆಗಂಗಿಲ್ಲವಾ. ಮುಂದಿನ ಸಲ ಇಬ್ರೂ ಬರತೇವಿ” ಎಂದು ಹೋದಳು.

ಮೂರು ಶನಿವಾರ ಕಳೆದವು. ಒಂದು ಬೆಳಿಗ್ಗೆ ಆಫೀಸಿಗೆ ಹೋಗುವಾಗ ದಾದರ್ ಮಾರ್ಕೆಟ್ಟಿನಲ್ಲಿ ಮಲ್ಲಕ್ಕನನ್ನು ನಿಲ್ಲಿಸಿ ಕೇಳಿದೆ. ಮಲ್ಲಕ್ಕ ಸುಂದ್ರವ್ವನ ಪಕ್ಕದ ಖೋಲಿಯವಳು, ಮೆಂತ್ಯ, ಸಬ್ಬಸಿಗೆ ಮಾರುವವಳು. ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದವಳು ತಲೆ ಎತ್ತಲಿಲ್ಲ.

“ದವಾಖಾನಿಂದ ಮನಿಗಿ ಬಂದಾಳ” ಎಂದಳು.

“ಹೌದಾ! ಚೆನ್ನಾಗಿದ್ದಾಳಾ?”

“ಮನಿಗಿ ಬಂದಾಳವಾ. ಇನ್ನಾ ಬೋಣಿ ಆಗಿಲ್ಲ ನಂದು. ಮಧ್ಯಾಹ್ನ ಬಾ, ಮಾತಾಡೂಣು.”

ಬೋಣಿ ಆಗುವ ಮುಂಚೆ, ಅಂದರೆ ದಿನದ ಮೊದಲ ವ್ಯಾಪಾರ ಆಗುವ ಮುಂಚೆ, ಮಾರ್ಕೆಟ್ಟಿನ ಹೆಂಗಸರು ಕೆಟ್ಟ ಸುದ್ದಿಯನ್ನು ಬಾಯಿಂದ ಹೊರಬಿಡುವುದಿಲ್ಲ. ಹೋಟೆಲಿನವನ ಮಗಳಾಗಿ ನನಗೆ ಇದು ಗೊತ್ತಿರಬೇಕಿತ್ತು. ಅಪ್ಪನೂ ಮೊದಲ ಗಿರಾಕಿ ತಿಂದು ದುಡ್ಡು ಕೊಟ್ಟು ಏಳುವವರೆಗೆ ಊರಿನ ಕಾಗದ ಒಡೆಯುತ್ತಿರಲಿಲ್ಲ. ಆದರೆ ನನಗೆ ಕೇಳಿಸಿದ್ದು ಖುಷಿ ಮಾತ್ರ. ಮಧ್ಯಾಹ್ನ ಮಲ್ಲಕ್ಕನ ಹತ್ತಿರ ಹೋಗಲೇ ಇಲ್ಲ.

ಭಾನುವಾರ ಹೋಟೆಲಿನ ಅಡುಗೆ ಭಟ್ಟರಿಂದ ಬಾಣಂತಿಗೆಂದು ಅಂಟಿನುಂಡೆ ಮಾಡಿಸಿ, ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ಧಾರಾವಿಗೆ ಹೋದೆ. ಖೋಲಿಯ ಬಾಗಿಲು ಒಳಗಿನಿಂದ ಹಾಕಿತ್ತು. ಮೆಲ್ಲಗೆ ಕರೆದೆ. ಒಳಗೆ ಯಾರೋ ಉಸಿರು ಹಿಡಿದ ಹಾಗೆ ಒಂದು ಮೌನ. ತಾಯಿ ಮಗು ಮಲಗಿರಬೇಕೆಂದುಕೊಂಡು ಡಬ್ಬಿಯನ್ನು ಕೈಚೀಲದ ಸಮೇತ ಚಿಲಕಕ್ಕೆ ತೂಗುಹಾಕಿ, ಒಂದು ಚೀಟಿ ಬರೆದಿಟ್ಟೆ: ‘ಮಗುವಿನ ಮುಖ ಯಾವಾಗ ತೋರಿಸುತ್ತೀ? ಹೆಸರು ಏನಿಟ್ಟಿರಿ?’

ಆ ಚೀಟಿಯ ಒಂದೊಂದು ಅಕ್ಷರವೂ ನನಗೆ ಈಗಲೂ ಬಾಯಿಪಾಠ.

ಉತ್ತರ ಬರಲಿಲ್ಲ. ನಾನು ಅಂಚೆ ಕಾರ್ಡು ಹಾಕಿದೆ: ‘ಮಗು ಬಂದ ಮೇಲೆ ಗೆಳತಿ ಬೇಡವಾದಳಲ್ಲ, ಇರಲಿ.’ ತಮಾಷೆಗೇ ಬರೆದದ್ದು. ಆದರೆ ಕಾರ್ಡೆಂದರೆ ಬಟ್ಟೆ ಇಲ್ಲದ ಕಾಗದ. ಧಾರಾವಿಯ ಆ ಗಲ್ಲಿಯಲ್ಲಿ ಅಂಚೆಯವನ ಕೈಯಿಂದ ಮನೆಯ ಬಾಗಿಲಿಗೆ ತಲುಪುವಷ್ಟರಲ್ಲಿ ನಾಲ್ಕು ಜನ ಓದಿರುತ್ತಾರೆ. ಎರಡನೆಯ ಕಾರ್ಡಿನಲ್ಲಿ ಇನ್ನೂ ಕೋಪ ಮಾಡಿದೆ: ‘ನಾನು ಎಷ್ಟು ಕಾದೆ ಗೊತ್ತಾ?’

ಹದಿನೈದು ದಿನಗಳ ಮೇಲೆ, ಒಂದು ಮಧ್ಯಾಹ್ನ, ಅರ್ಧ ಬುಟ್ಟಿ ಖಾಲಿಯಾಗಿದ್ದ ಮಲ್ಲಕ್ಕ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

“ನೀ ಬರೆದ ಕಾರ್ಡ ಓದಿದವರು ಯಾರು ಗೊತ್ತೇನ? ಮೂಲಿ ಅಂಗಡಿ ಹುಡುಗಿ, ಗಲ್ಲ್ಯಾಗ ನಿಂತು. ಜೋರಾಗಿ. ಆಕಿ ಒಳಗ ಕುಂತು ಕೇಳ್ಯಾಳ.” ಸೊಪ್ಪಿನ ಕಟ್ಟಿನ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ಕೂಸು ಹೊಟ್ಯಾಗ ತೀರಿಕೊಂಡಿತ್ತವಾ. ಹೆಣ್ಣು. ಆಕಿಗಿ ಮುಖಾನೂ ತೋರಿಸಲಿಲ್ಲ.”

ದಾದರ್ ಮಾರ್ಕೆಟ್ಟಿನ ಗದ್ದಲವೆಲ್ಲ ಒಮ್ಮೆಲೇ ನೀರಿನ ಕೆಳಗೆ ಹೋದ ಹಾಗಾಯಿತು.

ಆಮೇಲೆ ನಾನು ಮಾಡಿದ್ದೂ ತಪ್ಪೇ. ಹೋಗಿ ಮುಖ ತೋರಿಸಲು ಧೈರ್ಯ ಬರಲಿಲ್ಲ. ಅದರ ಬದಲು ಡಬ್ಬಿ ಕಳಿಸಿದೆ. ಒಮ್ಮೆ ಗಂಜಿ, ಉಪ್ಪಿನಕಾಯಿ, ಇನ್ನೊಮ್ಮೆ ಮೊಸರನ್ನ. ಚಿಲಕಕ್ಕೆ ತೂಗುಹಾಕಿ ಕಳ್ಳಿಯ ಹಾಗೆ ಓಡಿಬರುತ್ತಿದ್ದೆ. ಮೂರನೆಯ ಡಬ್ಬಿ ಹಾಕಿ ತಿರುಗುವಾಗ ಒಳಗಿನಿಂದ ಒಂದು ಸದ್ದು ಕೇಳಿತು. ಸ್ಟೀಲಿನ ಮುಚ್ಚಳ ತೆಗೆದು ಹಾಕುವ, ತೆಗೆದು ಹಾಕುವ ಸದ್ದು. ಹಾಡುಹಗಲು, ಮೂರು ಗಂಟೆಯ ಬಿಸಿಲು. ಆದರೂ ಹಿಂದೆ ನೋಡದೆ ಹೆಜ್ಜೆ ಹಾಕಿದೆ.

“ಇನ್ನ ಡಬ್ಬಿ ತರಬ್ಯಾಡ” ಎಂದಳು ಮಲ್ಲಕ್ಕ ಅಂದು ಗಲ್ಲಿಯಲ್ಲೇ ನನ್ನನ್ನು ಹಿಡಿದು.

“ಅವಳು ಊಟವನ್ನೇ ಮಾಡೋದಿಲ್ಲ ಅಂತ ನೀನೇ ಹೇಳಿದ್ದಲ್ವಾ?”

“ಊಟ ಬ್ಯಾರೆ, ಡಬ್ಬಿ ಬ್ಯಾರೆ. ಯಾರಾದ್ರೂ ಡಬ್ಬಿ ಕೊಟ್ರ ಖಾಲಿ ತಿರುಗಿ ಕೊಡತೇವೇನ ನಾವು? ನಿಮ್ಮ ಕಡೆ ಕೊಡತಾರೇನ?”

ಇಲ್ಲ. ನಮ್ಮಲ್ಲೂ ಕೊಡುವುದಿಲ್ಲ. ಏನಿಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು.

“ಆಕಿ ಏನ ಹಾಕಿ ಕೊಡಬೇಕ ಹೇಳು. ಕೂಸ ಕಳಕೊಂಡ ಮನ್ಯಾಗಿಂದ ಸಕ್ಕರಿ ಹಾಕಿ ಕೊಡಲೇನ? ಖಾಲಿ ಕೊಟ್ರ ನಿನಗ ಕೆಟ್ಟದ್ದು ಆಗತೈತಿ ಅಂತ ಅಂಜಿಕಿ. ದಿನಾ ಎರಡೂ ಡಬ್ಬಿ ತಗದು ತೊಳಿತಾಳ, ಒರಸತಾಳ, ಮತ್ತ ಇಡತಾಳ. ನೀ ಕೊಟ್ಟಿದ್ದು ಅನ್ನ ಅಲ್ಲವಾ, ಸಾಲ.”

ಆ ರಾತ್ರಿ ನನಗೆ ಅಜ್ಜಿಯ ಕಥೆಯ ಊರಿನವರ ಮುಖಗಳು ಕಂಡವು. ಬಾಗಿಲಲ್ಲಿ ನಿಂತು ಕೂಗುತ್ತಿದ್ದವರಲ್ಲಿ ಎಲ್ಲರಿಗೂ ನನ್ನದೇ ಮುಖ.

ಸೋಮವಾರ ಆಫೀಸಿನಲ್ಲಿ ಊಟದ ಹೊತ್ತಿಗೆ ಕೂತು ಒಂದು ಇನ್‌ಲ್ಯಾಂಡ್ ಕಾಗದ ಬರೆದೆ. ಅಂಟಿಸಿದರೆ ಅವಳೊಬ್ಬಳೇ ಒಡೆಯುವಂಥದ್ದು. ನಾಲ್ಕು ಸಲ ಬರೆದು ಹರಿದೆ. ‘ನಿನ್ನ ಚಿಂತೆಯಲ್ಲಿ ನನಗೆ ನಿದ್ದೆಯಿಲ್ಲ’ ಎಂಬ ಸಾಲು ಹೊಡೆದುಹಾಕಿದೆ, ನನ್ನ ನಿದ್ದೆಯ ಭಾರವನ್ನೂ ಅವಳೇಕೆ ಹೊರಬೇಕು? ‘ಏನು ಬೇಕಾದರೂ ಕೇಳು’ ಎಂಬುದನ್ನೂ ಹೊಡೆದುಹಾಕಿದೆ. ಕೇಳುವುದೂ ಒಂದು ಕೆಲಸವೇ. ಕೊನೆಗೆ ಉಳಿದದ್ದು ಇಷ್ಟು:

‘ಸುಂದ್ರಿ, ಮಗುವಿನ ವಿಷಯ ನನಗೆ ತಡವಾಗಿ ತಿಳಿಯಿತು. ಆ ಚೀಟಿ, ಆ ಎರಡು ಕಾರ್ಡು ನನ್ನ ತಪ್ಪು. ನೀನು ಅದಕ್ಕೆ ಏನೂ ಹೇಳಬೇಕಿಲ್ಲ. ಡಬ್ಬಿಗಳು ನನ್ನವು, ಖಾಲಿಯೇ ಬರಲಿ, ನಾನೇ ಬಂದು ಒಯ್ಯುತ್ತೇನೆ. ಶನಿವಾರ ಮೂರರಿಂದ ನಾಲ್ಕರವರೆಗೆ ಮಲ್ಲಕ್ಕನ ಕಟ್ಟೆಯ ಮೇಲೆ ಕೂತಿರುತ್ತೇನೆ. ನೀನು ಬಾಗಿಲು ತೆರೆಯದಿದ್ದರೂ ಸರಿ. ಆದರೂ ಮುಂದಿನ ಶನಿವಾರ ಬರುತ್ತೇನೆ. ಈ ಕಾಗದಕ್ಕೆ ಉತ್ತರ ಬೇಡ.’

ಮೊದಲ ಶನಿವಾರ ಹೋಗಿ ಅವಳ ಬಾಗಿಲಿಗೆ ಎದುರಾಗಿ ಕೂತೆ. ಮಲ್ಲಕ್ಕ ಸೊಂಟಕ್ಕೆ ಕೈಕೊಟ್ಟು ನೋಡಿದಳು. “ಏನವಾ, ಬಾಡಿಗಿ ವಸೂಲಿ ಮಾಡಾಕ ಬಂದವರಂಗ ಕುಂತಿ! ಬಾಗಲಾ ಅಂಜಿ ಓಡಿಹೋಗತೈತಿ. ಈ ಕಡೆ ತಿರುಗು.”

ಗಲ್ಲಿಯ ಕಡೆ ಮುಖ ಮಾಡಿ, ಅವಳ ಬಾಗಿಲನ್ನು ಬಲಭುಜದ ಕಡೆಗಿಟ್ಟುಕೊಂಡು ಕೂತೆ. ಮಲ್ಲಕ್ಕನ ಬೆಳ್ಳುಳ್ಳಿ ಸುಲಿಯುತ್ತ ಮಲ್ಲಕ್ಕನಿಗೇ ಎಂಬಂತೆ ಮಾತಾಡಿದೆ. ಆಫೀಸಿನ ಟೈಪ್‌ರೈಟರಿನಲ್ಲಿ ಒಂದು ಅಕ್ಷರ ಎದ್ದು ಬೀಳುತ್ತಿಲ್ಲ, ಭಟ್ಟರು ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿ ಗಿರಾಕಿಗಳಿಂದ ಬೈಸಿಕೊಂಡರು, ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಒಬ್ಬಳು ಜೀವಂತ ಏಡಿ ತಂದಾಗ ಎಲ್ಲರೂ ಸೀಟಿನ ಮೇಲೆ ನಿಂತರು. ಪ್ರಶ್ನೆ ಒಂದೂ ಇರದ ಮಾತುಗಳು. ನಾಲ್ಕು ಹೊಡೆಯಿತು. “ನಾನು ಹೋಗಿ ಬರ್ತೇನೆ. ಶನಿವಾರ ಬರ್ತೇನೆ” ಎಂದು ಎದ್ದೆ. ಬಾಳೆ ಎಲೆಯಲ್ಲಿ ಕಟ್ಟಿದ ಎರಡು ಇಡ್ಲಿ ಹೊಸ್ತಿಲ ಮೇಲಿಟ್ಟೆ. ಎಲೆಯನ್ನು ಯಾರೂ ತಿರುಗಿ ಕೊಡಬೇಕಾಗಿಲ್ಲ.

ಬಾಗಿಲು ತೆರೆಯಲಿಲ್ಲ.

ಎರಡನೆಯ ಶನಿವಾರವೂ ಇಲ್ಲ. ಆದರೆ ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಪಾದಗಳ ನೆರಳು ಬಂದು ನಿಂತದ್ದನ್ನು ನೋಡಿದೆ. ನಾಲ್ಕರವರೆಗೂ ಅಲ್ಲೇ ಇತ್ತು. ‘ಸುಂದ್ರೀ’ ಎಂದು ಕರೆಯಲು ನಾಲಿಗೆ ತುದಿಗೆ ಬಂತು. ಕರೆದರೆ ಅವಳು ಉತ್ತರ ಕೊಡಬೇಕಾಗುತ್ತದೆ. ಬೆಳ್ಳುಳ್ಳಿಯ ಸಿಪ್ಪೆ ಊದಿದೆ.

ಮೂರನೆಯ ಶನಿವಾರ ಲೋಕಲ್ ಮಾಹಿಮಿಗೆ ಮೊದಲೇ ನಿಂತುಬಿಟ್ಟಿತು. ಯಾರೋ ಹಳಿಯ ಮೇಲೆ ಬಿದ್ದಿದ್ದಾರೆ ಎಂದರು. ಹೆಂಗಸು ಎಂದರು. ನಾನು ಇಳಿದು ಗಲ್ಲಿಗಳಲ್ಲಿ ಓಡಿದೆ. ಮೂರೂವರೆಗೆ ತಲುಪಿದಾಗ ಬಾಗಿಲು ಎರಡು ಬೆರಳಷ್ಟು ತೆರೆದಿತ್ತು. ಒಳಗೆ ಕತ್ತಲೆಯಲ್ಲಿ ಒಂದು ಕಣ್ಣು.

“ತಡಾ ಮಾಡಿದಿ” ಎಂದಿತು ಒಳಗಿನ ದನಿ. ತುಕ್ಕು ಹಿಡಿದ ದನಿ.

ಓಡಿ ಬಂದದ್ದು, ಹೆದರಿದ್ದು, ಹಳಿಯ ಮೇಲೆ ಬಿದ್ದವಳನ್ನು ಅವಳೇ ಎಂದುಕೊಂಡದ್ದು ಯಾವುದನ್ನೂ ಬಾಯಿಬಿಡಲಿಲ್ಲ. “ಹೌದು, ಗಾಡಿ ನಿಂತಿತ್ತು ಮಾರಾಯ್ತಿ” ಎಂದಷ್ಟೇ ಹೇಳಿ ಕಟ್ಟೆಯ ಮೇಲೆ ಕೂತೆ.

ನಾಲ್ಕನೆಯ ಶನಿವಾರ ಅವಳು ಹೊಸ್ತಿಲ ಒಳಗೆ ನೆಲದ ಮೇಲೆ ಕೂತಳು. ನಾನು ಹೊರಗೆ. ನಡುವೆ ಬೆಳ್ಳುಳ್ಳಿಯ ಮೊರ. ಕೆನ್ನೆ ಒಳಗೆ ಹೋಗಿತ್ತು, ತಲೆಗೆ ಎಣ್ಣೆ ಇರಲಿಲ್ಲ. ಅವಳ ಹಿಂದೆ ಗೂಡಿನಲ್ಲಿ ಮೂರು ಡಬ್ಬಿ ಸಾಲಾಗಿ ಹೊಳೆಯುತ್ತಿದ್ದವು.

“ನಾ ಕೆಟ್ಟಾಕಿ. ಒಂದಕ್ಕೂ ಉತ್ತರಾ ಬರೀಲಿಲ್ಲ” ಎಂದಳು.

“ಉತ್ತರ ಬೇಡ ಅಂತ ಬರೆದಿದ್ದೆನಲ್ಲ. ಶಾಲೆಯಲ್ಲಿ ಟೀಚರ್ ಹೇಳಿದ್ದು ಒಂದೂ ಮಾಡದವಳು ನನ್ನ ಮಾತಾದರೂ ಕೇಳಿದೆಯಲ್ಲ.”

ತುಟಿಯ ಒಂದು ಮೂಲೆ ಅಲುಗಿತು. ನಗು ಎನ್ನುವಷ್ಟೂ ಇರಲಿಲ್ಲ. ಬಹಳ ಹೊತ್ತು ಬೆಳ್ಳುಳ್ಳಿ ಸುಲಿದೆವು. ಸುಲಿದದ್ದು ಸಾಕಷ್ಟಾದರೂ ಮಲ್ಲಕ್ಕ ಒಳಗಿನಿಂದ ಇನ್ನಷ್ಟು ತಂದು ಸುರಿದು, ಸೊಪ್ಪು ತೊಳೆಯುವ ನೆವ ಮಾಡಿ ನಲ್ಲಿಯ ಕಡೆ ಹೋದಳು.

“ಸುಂದ್ರಿ, ಒಂದು ಮಾತು ಕೇಳ್ತೇನೆ. ಹೇಳದಿದ್ದರೂ ಶನಿವಾರ ಬರುವುದು ಬರುವುದೇ. ಸಾಯಬೇಕು ಅಂತ ಅನ್ನಿಸ್ತದಾ ನಿಂಗೆ?”

ಅವಳು ಬೆಚ್ಚಲಿಲ್ಲ. ಯಾರಾದರೂ ಕೇಳಲೆಂದೇ ಕಾದಿದ್ದವಳ ಹಾಗೆ ಉಸಿರು ಬಿಟ್ಟಳು.

“ಎರಡು ಸಲ ರೈಲ ಪಟ್ರಿ ತನಕ ಹೋಗಿ ಬಂದೇನಿ. ಸಾಯಾಕ ಅಲ್ಲ ವಿನೂ. ಅದು ಅಳತೈತಿ. ಮಧ್ಯಾಹ್ನ ಎದಿ ಭಾರ ಆದಾಗ ಅಳೂದು ಕೇಳತೈತಿ. ಎಲ್ಲಿ ಐತಿ ಅಂತ ಹುಡುಕ್ಕೋತ ಹೋಗತೇನಿ. ಪಟ್ರಿ ಬಂದ್ಮ್ಯಾಲೆ ನೆಪ್ಪಾಗತೈತಿ.”

ಅಂಥದ್ದೇನೂ ಇಲ್ಲ, ಅದು ನಿನ್ನ ಭ್ರಮೆ ಎನ್ನಬಹುದಿತ್ತು. ಅಜ್ಜಿಯ ಕಥೆ ಕೇಳಿ ಬೆಳೆದವಳ ಬಾಯಿಂದ ಆ ಮಾತು ಬರಲಿಲ್ಲ.

“ಯಾವ ಕಡೆಯಿಂದ ಕೇಳ್ತದೆ?”

“ಅದಾ ಗೊತ್ತಾಗವಲ್ದು. ಇವರು, ಇವರ ಕಾಕಾ ಒಯ್ದು ಮಣ್ಣ ಮಾಡಿ ಬಂದ್ರು. ಎಲ್ಲಿ ಅಂತ ನನಗ ಹೇಳಿಲ್ಲ. ಹೆಂಗಸರು ಕೇಳಬಾರದಂತ. ಮರೀಬೇಕಂತ.” ಬೆಳ್ಳುಳ್ಳಿಯ ಎಸಳನ್ನು ಉಗುರಿನಿಂದ ಒತ್ತಿದಳು. “ಎಲ್ಲೂ ಇಡಲಾರದ್ದನ್ನ ಹೆಂಗ ಮರೀಲಿ?”

“ಅದು ಎಲ್ಲಿದೆ ಅಂತ ಕೇಳಿ ತಿಳ್ಕೊಳ್ತೇನೆ. ನೀನು ನೋಡಬೇಕು ಅಂದರೆ ನಿನ್ನನ್ನು ಕರ್ಕೊಂಡು ಹೋಗ್ತೇನೆ. ಮಾತು ಕೊಟ್ಟೆ. ಅಲ್ಲಿಯವರೆಗೆ ಅಳು ಕೇಳಿದರೆ ಒಬ್ಬಳೇ ಹೊರಡಬೇಡ. ಮಲ್ಲಕ್ಕನ ಬಾಗಿಲು ಬಡಿ. ಅವಳಿಗೆ ನಾನು ಹೇಳಲಾ, ನೀನು ಹೇಳ್ತೀಯಾ?”

ಸುಲಿದ ಎಸಳನ್ನು ಮೊರಕ್ಕೆ ಹಾಕಿ ಅವಳೆಂದಳು, “ನೀನಾ ಹೇಳು. ನನ್ನ ಬಾಯಿಲೆ ಬರಂಗಿಲ್ಲ.”

ಮಲ್ಲಕ್ಕ ಅಂದಿನಿಂದ ದಿನವೂ ಮಧ್ಯಾಹ್ನದ ವ್ಯಾಪಾರ ಬಿಟ್ಟು ಎರಡಕ್ಕೆಲ್ಲ ಮನೆಗೆ ಬರತೊಡಗಿದಳು. ‘ನನಗೂ ವಯಸ್ಸಾತು, ಬಿಸಲು ತಡಿಯಂಗಿಲ್ಲ’ ಎನ್ನುತ್ತಿದ್ದಳು ಕೇಳಿದವರಿಗೆ. ನಾನು ಅಂದು ನಾಲ್ಕಕ್ಕೆ ಏಳುವಾಗ ಮೂರು ಡಬ್ಬಿಗಳನ್ನೂ ಖಾಲಿಯೇ ಚೀಲಕ್ಕೆ ಹಾಕಿಕೊಂಡೆ. ಸುಂದ್ರವ್ವ ಕಣ್ಣು ಮುಚ್ಚಿಕೊಂಡಿದ್ದಳು. ಮುಂದಿನ ವಾರ ನನ್ನನ್ನು ನೆತ್ತಿಯಿಂದ ಪಾದದವರೆಗೆ ನೋಡಿ, “ನಿನಗೇನೂ ಆಗಿಲ್ಲ ಹೌದಲ್ಲ?” ಎಂದು ಕೇಳಿದಳು.

“ಚಪ್ಪಲಿ ಕಿತ್ತುಹೋಯ್ತು. ಅದು ಹಳೇದೇ.”

ದಾನಪ್ಪನನ್ನು ಹಿಡಿಯುವುದು ಸುಲಭವಿರಲಿಲ್ಲ. ಕಾರ್ಖಾನೆಯ ಗೇಟಿನ ಹೊರಗೆ, ಸಂಜೆ ಆರಕ್ಕೆ, ಮೊಣಕೈವರೆಗೆ ಹದದ ಬಣ್ಣ ಹತ್ತಿದ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತ.

“ಬಾಯಾರ, ಹೆಂಗಸರು ಅಲ್ಲಿಗೆ ಬರೂದು ನಮ್ಮಲ್ಲಿ ಇಲ್ರಿ. ಆಕಿ ನೋಡಿದ್ರ ಇನ್ನಷ್ಟು ಕೆಡತಾಳ.”

“ಇರಬಹುದು. ನಿಮ್ಮನ್ನು ತಪ್ಪು ಅಂತ ಹೇಳ್ಲಿಕ್ಕೆ ಬಂದದ್ದಲ್ಲ ನಾನು. ಅವಳು ಅದನ್ನು ಪಟ್ರಿಯ ಮೇಲೆ ಹುಡುಕ್ತಾ ಇದ್ದಾಳೆ, ದಾನಪ್ಪನವರೇ. ಅದಕ್ಕೆ ಕೇಳ್ತಿದ್ದೇನೆ.”

ಅವನ ಮುಖ ಬೂದಿಯಾಯಿತು. ಪಟ್ರಿಯ ವಿಷಯ ಅವನಿಗೆ ತಿಳಿದಿರಲಿಲ್ಲ. ಗೇಟಿನ ಹತ್ತಿರದ ಕಲ್ಲಿನ ಮೇಲೆ ಕುಕ್ಕರಿಸಿದ. ನೆಲ ನೋಡುತ್ತ ಹೇಳಿದ:

“ನಾ ಪ್ರತಿ ಸೋಮವಾರ ಹೋಗತೇನ್ರಿ. ಕೆಲಸಕ್ಕ ಬರೂ ಮುಂಚೆ. ನಾಯಿ ಗೀಯಿ ಕೆದರ್ಯಾವೇನೋ ಅಂತ. ಕಲ್ಲ ಹೇರಿ ಬಂದೇನಿ. ಆಕಿಗಿ ಹೇಳಿದ್ರ ಅಳತಾಳ ಅಂತ ಹೇಳಲಿಲ್ಲ. ನಾ ಅಳತೇನಿ ಅಂತನೂ.” ಕೈಯನ್ನು ಮುಂದೆ ತಂದು ನೋಡಿಕೊಂಡ. “ಈ ಕೈಲೆ ಇಟ್ಟೇನ್ರಿ. ಕೂದಲಾ ಭಾಳ ಇತ್ತು. ಕರ್ರಗ, ತೊಯ್ದಿತ್ತು.”

“ಇದನ್ನು ಅವಳಿಗೆ ಹೇಳಿ. ನನಗಲ್ಲ.”

ಹೇಳಿದನೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳಲಿಲ್ಲ. ಮುಂದಿನ ಶನಿವಾರ ನಾನು ಹೋದಾಗ ಸುಂದ್ರವ್ವ ತಲೆ ಬಾಚಿಕೊಂಡು, ಹಸಿರು ಸೀರೆ ಉಟ್ಟು ಹೊಸ್ತಿಲ ಹೊರಗೆ ನಿಂತಿದ್ದಳು. ದಾನಪ್ಪ ಅರ್ಧ ದಿನದ ರಜೆ ಹಾಕಿ ಬಂದಿದ್ದ.

“ಬ್ಯಾಡ ಅನ್ನಿಸಿದ್ರ ಮೂಲಿಯಿಂದಲೇ ತಿರುಗಿ ಬರೂಣು. ಯಾರೂ ಏನೂ ಅನ್ನಂಗಿಲ್ಲ” ಎಂದಳು ಮಲ್ಲಕ್ಕ. ನಾನು ಹೇಳಬೇಕೆಂದಿದ್ದದ್ದನ್ನು ಅವಳೇ ಹೇಳಿದ್ದಳು.

ದಾನಪ್ಪ ಹತ್ತು ಹೆಜ್ಜೆ ಮುಂದೆ ನಡೆದ. ಗಲ್ಲಿ ತಿರುಗಿತು, ಇನ್ನೂ ತಿರುಗಿತು. ಒಣಹಾಕಿದ ಚರ್ಮಗಳು ಎರಡೂ ಕಡೆ ಹಗ್ಗಗಳ ಮೇಲೆ ಗಾಳಿಗೆ ಅಲುಗುತ್ತಿದ್ದವು. ತೋಳಿಲ್ಲದ ಯಾರೋ ಸಾಲಾಗಿ ನಿಂತು ನಮ್ಮನ್ನು ಬೀಳ್ಕೊಡುತ್ತಿದ್ದ ಹಾಗೆ. ಉಪ್ಪುನೀರಿನ ಖಾಡಿಯ ಕೆಸರು ವಾಸನೆ ಬಂತು. ಸುಂದ್ರವ್ವ ಎರಡು ಸಲ ನಿಂತಳು. ನಾವೂ ನಿಂತೆವು. ಯಾರೂ ‘ನಡಿ’ ಎನ್ನಲಿಲ್ಲ. ಎರಡು ಸಲವೂ ತಾನಾಗಿಯೇ ಹೊರಟಳು.

ಸ್ಮಶಾನದ ಗೇಟಿನಲ್ಲಿ ಕಾವಲುಗಾರ ಮರಾಠಿಯಲ್ಲಿ ಏನೋ ಹೇಳಿ ತಡೆದ. ದಾನಪ್ಪ ಅವನ ಕಿವಿಯಲ್ಲಿ ಎರಡು ಮಾತು ಹೇಳಿದ. ಅವನು ನಮ್ಮ ಕಡೆ ನೋಡದೆ, ಬೀಡಿಯನ್ನು ಕಾಲಿನಿಂದ ಹೊಸಕಿ, ಬದಿಗೆ ಸರಿದ.

ಹಿಂದಿನ ಗೋಡೆಯ ಬುಡದಲ್ಲಿ ಚಿಕ್ಕ ಚಿಕ್ಕ ದಿಬ್ಬಗಳು. ಮಕ್ಕಳು ಆಟಕ್ಕೆ ಕಟ್ಟಿ ಬಿಟ್ಟುಹೋದ ಮನೆಗಳಷ್ಟೇ ದೊಡ್ಡವು. ಕೆಲವು ಆಗಲೇ ನೆಲಕ್ಕೆ ಸಮವಾಗಿದ್ದವು. ಒಂದರ ಮೇಲೆ ಮಾತ್ರ ಕಲ್ಲುಗಳು ಒತ್ತೊತ್ತಾಗಿ, ಒಂದರ ಸಂದಿಗೆ ಇನ್ನೊಂದು ಕೂರುವ ಹಾಗೆ, ಅಚ್ಚುಕಟ್ಟಾಗಿ ಹೇರಿದ್ದವು. ದಾನಪ್ಪ ಅದರ ಹತ್ತಿರ ನಿಂತು ಚಪ್ಪಲಿ ಬಿಟ್ಟ.

ನಾನು ಮಲ್ಲಕ್ಕನ ಕೈ ಹಿಡಿದು ಹಿಂದೆಯೇ ಉಳಿದೆ.

ಸುಂದ್ರವ್ವ ನಿಂತು ನೋಡಿದಳು. ಗೋಡೆಯಾಚೆ ಲೋಕಲ್ ಒಂದು ಸದ್ದು ಮಾಡುತ್ತ ಹೋಯಿತು. ಅವಳು ತಲೆ ಓರೆ ಮಾಡಿ ಆಲಿಸಿದಳು, ಗಾಡಿ ಹೋದ ಮೇಲೂ ಆಲಿಸಿದಳು.

“ತಲಿ ಯಾವ ಕಡೆ ಐತಿ?” ಎಂದಳು ಗಂಡನಿಗೆ.

ದಾನಪ್ಪ ಬಣ್ಣ ಹತ್ತಿದ ಕೈಯಿಂದ ತೋರಿಸಿದ. “ಈ ಕಡೆ.”

ಅವಳು ಸೆರಗು ಸರಿಮಾಡಿಕೊಂಡು, ಆ ಕಡೆಗೆ ಹೋಗಿ ಕೂತಳು.